ಚೆಕ್ ಹಾಕಿ ಐದು ದಿನವಾಯ್ತು, ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿತು?

ಕಳೆದ ನವೆಂಬರ್‌ನಲ್ಲಿ ಮೂರು ಕ್ವಿಂಟಲ್ ಕಾಳುಮೆಣಸನ್ನು ಬೆಂಗಳೂರಿನ ಖರೀದಿದಾರರೊಬ್ಬರಿಗೆ ಕೊಟ್ಟೆ. ಕೆಜಿಗೆ 640ರಂತೆ 1,92,000 ರೂಪಾಯಿ. ಅವರು ಬೆಂಗಳೂರು ಶಾಖೆಯ ಚೆಕ್ ಕೊಟ್ಟರು. ನವೆಂಬರ್ 7, ಶುಕ್ರವಾರ ಸಂಜೆ ನಮ್ಮೂರಿನ ಸೇವಾ ಸಹಕಾರಿ ಸಂಘದಲ್ಲಿ ಅದನ್ನು ಹಾಕಿ ಬಂದೆ. ದುಡ್ಡು ನನ್ನ ಖಾತೆಗೆ ಬಂದದ್ದು 12ನೇ ತಾರೀಖು, ಬುಧವಾರ.

ಕಾರಣ ಕೇಳಿದರೆ ಕೌಂಟರಿನಲ್ಲಿ ಸಿಕ್ಕಿದ್ದು ಹಳೆಯ ಉತ್ತರ: "ಬೆಂಗಳೂರಿನ ಚೆಕ್ ಅಲ್ವಾ ಮಾರಾಯ, ದೂರದ್ದು. ಟೈಮ್ ಹಿಡೀತದೆ."

ನಮ್ಮ ಅಪ್ಪಂದಿರ ಕಾಲಕ್ಕೆ ಈ ಮಾತು ಪೂರ್ತಿ ನಿಜ. ಈಗ ಅಲ್ಲ. ಈಗ ದಿನ ತಿನ್ನುವುದು ಊರುಗಳ ನಡುವಿನ ದೂರವಲ್ಲ, ಚೆಕ್ಕು ಸ್ಕ್ಯಾನರ್ ಮುಟ್ಟುವ ತನಕದ ದಾರಿ. ಇದು ಗೊತ್ತಿಲ್ಲದೆ ನಾನು ಸಣ್ಣ ಪೆಟ್ಟು ತಿಂದೆ. ಅದನ್ನೂ ಹೇಳ್ತೇನೆ.

ಕಾಗದ ಪ್ರಯಾಣ ಮಾಡುತ್ತಿದ್ದ ಕಾಲ

ಚೆಕ್ ಅಂದರೆ ದುಡ್ಡಲ್ಲ, "ನನ್ನ ಖಾತೆಯಿಂದ ಇಷ್ಟು ಕೊಡಿ" ಅಂತ ಬರೆದವರು ತಮ್ಮ ಬ್ಯಾಂಕಿಗೆ ಕೊಡುವ ಆದೇಶ. ಖಾತೆಯಲ್ಲಿ ದುಡ್ಡಿದೆಯಾ, ಸಹಿ ಸರಿಯಾ ಅಂತ ಹೇಳಬಲ್ಲದ್ದು ಆ ಬ್ಯಾಂಕ್ ಮಾತ್ರ. ಹಾಗಾಗಿ ಮೊದಲು ಶಿರಸಿಯಲ್ಲಿ ಹಾಕಿದ ಬೆಂಗಳೂರಿನ ಚೆಕ್ಕು ಅಂಚೆಯಲ್ಲೋ ಕೊರಿಯರ್‌ನಲ್ಲೋ ಬೆಂಗಳೂರಿಗೇ ಹೋಗಬೇಕಿತ್ತು. ಅಲ್ಲಿ ಪಾಸಾಗಿ ದುಡ್ಡು ವಾಪಸ್ ಬರುವಾಗ ವಾರ, ಕೆಲವೊಮ್ಮೆ ಎರಡು ವಾರ. ಹೊರ ಊರಿನ ಚೆಕ್ ಅನ್ನೋ ಹೆಸರು ಹುಟ್ಟಿದ್ದೇ ಹಾಗೆ.

ಈಗ ಹೋಗುವುದು ಫೋಟೊ ಮಾತ್ರ

ಚೆಕ್ ಟ್ರಂಕೇಶನ್ ಸಿಸ್ಟಮ್, ಚಿಕ್ಕದಾಗಿ ಸಿಟಿಎಸ್, ಮಾಡಿದ್ದು ಒಂದೇ ಕೆಲಸ: ಕಾಗದದ ಪ್ರಯಾಣವನ್ನು ನೀವು ಹಾಕಿದ ಬ್ಯಾಂಕಿನಲ್ಲೇ ತುಂಡರಿಸಿತು. ಟ್ರಂಕೇಶನ್ ಅಂದರೆ ಅದೇ. ಭಾರತದಲ್ಲಿ ಇದು 2008ರಲ್ಲಿ ದೆಹಲಿಯಲ್ಲಿ ಶುರುವಾಯಿತು. 2011ರಲ್ಲಿ ಚೆನ್ನೈಯಲ್ಲಿ ಬಂತು, ಕರ್ನಾಟಕ ಆ ಚೆನ್ನೈ ಗ್ರಿಡ್‌ಗೆ ಸೇರಿಕೊಂಡಿತು. ಕ್ಲಿಯರಿಂಗ್ ವ್ಯವಸ್ಥೆಯ ಹೊರಗೇ ಉಳಿದಿದ್ದ ಸಣ್ಣ ಊರುಗಳ ಶಾಖೆಗಳನ್ನೂ ಸೇರಿಸಿ ಅಂತ ರಿಸರ್ವ್ ಬ್ಯಾಂಕ್ 2021ರಲ್ಲಿ ಎಲ್ಲ ಬ್ಯಾಂಕುಗಳಿಗೆ ಹೇಳಿತು.

ಬ್ಯಾಂಕಿನವರು ಚೆಕ್ಕಿನ ಮೂರು ಚಿತ್ರ ತೆಗೀತಾರೆ: ಮುಂಭಾಗದ್ದು ಎರಡು, ಹಿಂಭಾಗದ್ದು ಒಂದು. ಚೆಕ್ಕಿನ ತಳದ ಬಿಳಿ ಪಟ್ಟಿಯಲ್ಲಿ ವಿಶೇಷ ಶಾಯಿಯ ಅಂಕಿಗಳಿವೆಯಲ್ಲ, ಅದನ್ನು ಯಂತ್ರ ಓದುತ್ತದೆ. ಮೊದಲ ಆರು ಅಂಕಿ ಚೆಕ್ ನಂಬರ್. ಮುಂದಿನ ಒಂಬತ್ತರಲ್ಲಿ ಮೂರು ಊರಿನದು, ಮೂರು ಬ್ಯಾಂಕಿನದು, ಮೂರು ಶಾಖೆಯದು. ಚಿತ್ರ ಯಾವ ಬ್ಯಾಂಕಿಗೆ ಹೋಗಬೇಕು ಅಂತ ಯಂತ್ರಕ್ಕೆ ಗೊತ್ತಾಗುವುದು ಇದರಿಂದಲೇ. ಆಮೇಲೆ ಚಿತ್ರ, ಅಂಕಿ, ಮೊತ್ತ ಎಲ್ಲ ಕ್ಲಿಯರಿಂಗ್ ಹೌಸ್ ಮೂಲಕ ಖರೀದಿದಾರರ ಬ್ಯಾಂಕಿಗೆ ಹೋಗುತ್ತದೆ. ಅವರು ಪರದೆ ಮೇಲೆ ಸಹಿ ನೋಡಿ "ಪಾಸ್" ಅಥವಾ "ವಾಪಸ್" ಅಂತಾರೆ.

ಮುಂಚೆ ಇದು ದಿನಕ್ಕೊಂದು ಕಂತೆಯಾಗಿ ನಡೆಯುತ್ತಿತ್ತು, ಹಾಗಾಗಿ ಎರಡು ಕೆಲಸದ ದಿನದವರೆಗೆ ಬೇಕಾಗುತ್ತಿತ್ತು. 2025ರ ಅಕ್ಟೋಬರ್ 4ರಿಂದ ನಿಯಮ ಬದಲಾಗಿದೆ. ಈಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರ ತನಕ ಸ್ಕ್ಯಾನ್ ಆದ ಹಾಗೇ ಚೆಕ್ಕುಗಳು ಹೋಗುತ್ತಿರುತ್ತವೆ. ಎದುರಿನ ಬ್ಯಾಂಕ್ ಅದೇ ದಿನ ಸಂಜೆ 7ರೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಪಾಸಾಯಿತು ಅಂತಲೇ ಲೆಕ್ಕ. ಬ್ಯಾಂಕುಗಳ ನಡುವಿನ ಲೆಕ್ಕ ಚುಕ್ತಾ ಆದ ಒಂದು ಗಂಟೆಯೊಳಗೆ ನಿಮ್ಮ ಬ್ಯಾಂಕ್ ದುಡ್ಡು ಕೊಡಬೇಕು. ಚೆಕ್ಕು ಬೆಂಗಳೂರಿನದ್ದಾದರೂ ಯಲ್ಲಾಪುರದ್ದಾದರೂ ಇದರಲ್ಲಿ ಭೇದ ಇಲ್ಲ.

ಹಾಗಾದರೆ ನನ್ನ ಐದು ದಿನ ಎಲ್ಲಿ ಹೋಯ್ತು?

ಲೆಕ್ಕ ಹಾಕಿ ನೋಡಿದೆ. ಶುಕ್ರವಾರ ಸಂಜೆ ಸಂಘದ ಡ್ರಾಯರ್ ಸೇರಿತು. ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ, ಬ್ಯಾಂಕ್ ಇಲ್ಲ. ಸೋಮವಾರ ಮಧ್ಯಾಹ್ನ ಸಂಘದವರು ಪೇಟೆಗೆ ಹೋದಾಗ ತಮ್ಮ ಖಾತೆ ಇರುವ ಬ್ಯಾಂಕಿಗೆ ಕೊಟ್ಟರು. ಆ ಶಾಖೆಯ ಅವತ್ತಿನ ಚೆಕ್ ಸ್ವೀಕರಿಸುವ ಸಮಯ ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ಸ್ಕ್ಯಾನ್ ಆಯಿತು, ಸಂಜೆಯೊಳಗೆ ಪಾಸಾಗಿ ಸಂಘದ ಖಾತೆಗೆ ದುಡ್ಡು ಬಿತ್ತು. ಬುಧವಾರ ಸಂಘದವರು ಅದನ್ನು ನನ್ನ ಖಾತೆಗೆ ಬರೆದರು.

ಐದು ದಿನದಲ್ಲಿ ಬೆಂಗಳೂರಿಗೆ ಹೋಗಿ ಬಂದದ್ದು ಕೆಲವೇ ಗಂಟೆ. ಉಳಿದದ್ದೆಲ್ಲ ನಮ್ಮ ತಾಲೂಕಿನೊಳಗೇ. ಸಂಘದ್ದು ತಪ್ಪು ಅಂತಲ್ಲ. ಸೇವಾ ಸಹಕಾರಿ ಸಂಘ ಕ್ಲಿಯರಿಂಗ್ ಹೌಸಿನ ಸದಸ್ಯ ಅಲ್ಲ, ಅದು ಇನ್ನೊಂದು ಬ್ಯಾಂಕಿನ ಗ್ರಾಹಕ. ಕೆಲವು ಸಣ್ಣ ಬ್ಯಾಂಕುಗಳೂ ದೊಡ್ಡ ಬ್ಯಾಂಕೊಂದರ ಮೂಲಕವೇ ಕ್ಲಿಯರಿಂಗ್‌ಗೆ ಹೋಗುತ್ತವೆ. ಹೀಗೆ ಒಂದೊಂದು ಕೈ ಹೆಚ್ಚಾದ ಹಾಗೆ ಒಂದೊಂದು ದಿನ ಹೆಚ್ಚು.

ನಾನು ತಿಂದ ಪೆಟ್ಟು

ಶುಕ್ರವಾರ ಚೆಕ್ ಹಾಕಿದ ಧೈರ್ಯದಲ್ಲಿ, ಬೇವಿನ ಹಿಂಡಿ ಕಳಿಸಿದ ಹುಬ್ಬಳ್ಳಿಯವರಿಗೆ ಶಿರಸಿಯ ನನ್ನ ಬ್ಯಾಂಕ್ ಖಾತೆಯಿಂದ 48,000ದ ಚೆಕ್ ಬರೆದುಕೊಟ್ಟಿದ್ದೆ. ಸಂಘಕ್ಕೆ ದುಡ್ಡು ಬಂದ ಕೂಡಲೇ ಇತ್ತ ಹಾಕಿದರಾಯ್ತು, ಹುಬ್ಬಳ್ಳಿ ಚೆಕ್ ಬರೋಕೆ ಹೇಗೂ ಎರಡು ದಿನ ಬೇಕು ಅಂತ ನನ್ನ ಲೆಕ್ಕ. ಅವರು ಮಂಗಳವಾರ ಬೆಳಿಗ್ಗೆ ನೇರ ತಮ್ಮ ಬ್ಯಾಂಕಿನಲ್ಲಿ ಹಾಕಿದರು. ಅವತ್ತೇ ನನ್ನ ಖಾತೆಯ ಬಾಗಿಲು ತಟ್ಟಿತು. ಬ್ಯಾಲೆನ್ಸ್ ಸಾಲದೆ ವಾಪಸ್. ದಂಡ ಕಟ್ಟಿದೆ. ಅದಕ್ಕಿಂತ ಹೆಚ್ಚು ನೋವಾಗಿದ್ದು, ಆರು ವರ್ಷ ಉದ್ರಿ ಕೊಟ್ಟವರಿಗೆ ಫೋನ್ ಮಾಡಿ ಸಮಜಾಯಿಷಿ ಹೇಳಬೇಕಾಗಿ ಬಂದದ್ದು.

ಹೊಸ ವ್ಯವಸ್ಥೆಯ ಸೂಕ್ಷ್ಮ ಇದೇ. ನಾವು ಬರೆದ ಚೆಕ್ಕು ಒಂದೇ ದಿನದಲ್ಲಿ ನಮ್ಮ ಖಾತೆ ಮುಟ್ಟಬಹುದು. ನಮಗೆ ಬಂದ ಚೆಕ್ಕು ಮಾತ್ರ ನಾವು ಹಾಕಿದ ಜಾಗದ ಮೇಲೆ ನಿಧಾನವಾಗುತ್ತದೆ. ದುಡ್ಡು ಖಾತೆಯಲ್ಲಿ ಇದ್ದಾಗ ಮಾತ್ರ ಚೆಕ್ ಬರೀರಿ. ಆ್ಯಪ್‌ನಲ್ಲಿ ನೋಡುವಾಗ ಒಟ್ಟು ಬ್ಯಾಲೆನ್ಸ್ ಅಲ್ಲ, Available Balance ನೋಡಿ.

ಈಗ ನಾನು ಮಾಡುವುದು

ದೊಡ್ಡ ಮೊತ್ತದ ಚೆಕ್ಕನ್ನು ಕೆಲಸದ ದಿನ ಬೆಳಿಗ್ಗೆಯೇ ನೇರ ಬ್ಯಾಂಕ್ ಶಾಖೆಗೆ ಕೊಡ್ತೇನೆ. "ಇವತ್ತೇ ಸ್ಕ್ಯಾನ್ ಆಗ್ತದಾ, ಎಷ್ಟು ಗಂಟೆ ತನಕ ತಗೊಳ್ತೀರಿ?" ಅಂತ ಕೇಳ್ತೇನೆ. ಪೆಟ್ಟಿಗೆಗೆ ಹಾಕುವುದಿಲ್ಲ, ಸೀಲ್ ಹಾಕಿದ ಕೌಂಟರ್ ಫಾಯಿಲ್ ತಗೊಳ್ತೇನೆ.

ಎದುರಿನವರು ನೋಡುವುದು ಫೋಟೊ ಅನ್ನೋದು ಸದಾ ನೆನಪಿರಲಿ. ಅಡಿಕೆ ಚೊಗರು ಹತ್ತಿದ ಕೈಯಲ್ಲಿ ಚೆಕ್ ಹಿಡಿದರೆ ಕಲೆ ಸಹಿಯ ಮೇಲೆ ಕಪ್ಪಾಗಿ ಕಾಣಬಹುದು. ತಳದ ಬಿಳಿ ಪಟ್ಟಿಯನ್ನು ಮಡಚಬೇಡಿ, ಪಿನ್ ಹೊಡೀಬೇಡಿ. ಹೆಸರು ಅಥವಾ ಮೊತ್ತ ತಿದ್ದಿ ಪಕ್ಕದಲ್ಲಿ ಸಹಿ ಹಾಕಿದ ಚೆಕ್ ಸಿಟಿಎಸ್‌ನಲ್ಲಿ ನಡೆಯೋದಿಲ್ಲ, ಹೊಸದನ್ನೇ ಬರೆಸಿ. ತಾರೀಖಿನಿಂದ ಮೂರು ತಿಂಗಳು ದಾಟಿದರೆ ಚೆಕ್ಕಿಗೆ ಜೀವ ಇಲ್ಲ.

ಮೊತ್ತ 50,000 ಅಥವಾ ಹೆಚ್ಚಿದ್ದರೆ ಖರೀದಿದಾರರಿಗೆ "ಪಾಸಿಟಿವ್ ಪೇ ಹಾಕಿದ್ರಾ?" ಅಂತ ಕೇಳಿ. ಚೆಕ್ ನಂಬರ್, ತಾರೀಖು, ಹೆಸರು, ಮೊತ್ತವನ್ನು ಅವರು ತಮ್ಮ ಬ್ಯಾಂಕಿಗೆ ಮೊದಲೇ ತಿಳಿಸುವ ವ್ಯವಸ್ಥೆ ಅದು. ಐದು ಲಕ್ಷ ಅಥವಾ ಮೇಲಿನದಕ್ಕೆ ಕೆಲವು ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಿವೆ, ತಿಳಿಸದಿದ್ದರೆ ದುಡ್ಡಿದ್ದರೂ ಚೆಕ್ ವಾಪಸ್ ಬರಬಹುದು.

ಹೊಸ ಖರೀದಿದಾರರಾದರೆ ನಾನು ಚೆಕ್ ಕೇಳುವುದೇ ಇಲ್ಲ. ನೆಫ್ಟ್ ರಜಾ ದಿನವೂ ರಾತ್ರಿಯೂ ನಡೆಯುತ್ತದೆ. ದುಡ್ಡು ಬಂದ ಮೇಲೆ ಮೆಣಸಿನ ಚೀಲ ಗಾಡಿ ಹತ್ತಲಿ. ಚೆಕ್ಕೇ ಕೊಡುತ್ತೇನೆ ಅಂದರೆ, ಪಾಸಾಗುವ ತನಕ ಚೀಲ ನಮ್ಮ ಅಟ್ಟದಲ್ಲೇ ಇರಲಿ. ಈಗ ಅದಕ್ಕೆ ವಾರ ಕಾಯಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿನ ಕೌಂಟರಿನಲ್ಲಿದ್ದರೆ ಸಂಜೆಯೊಳಗೆ ಉತ್ತರ ಸಿಗುತ್ತದೆ.