ಒಂದೇ ಅಳತೆ, ಮೂರು ತಾಕತ್ತು

215/65 ಆರ್ 16 ಅಳತೆಯ ಟೈರು ಮೂರು ಬಗೆಯಲ್ಲಿ ಸಿಗುತ್ತದೆ. ಅಗಲ, ಎತ್ತರ, ಕೂರುವ ರಿಮ್ಮಿನ ಅಳತೆ ಮೂರಕ್ಕೂ ಒಂದೇ. ಆದರೆ ಪಕ್ಕೆಯ ಮೇಲಿನ ಅಚ್ಚು ಬೇರೆ. ಮೊದಲನೆಯದರಲ್ಲಿ ಅಳತೆಯ ಮುಂದೆ ಬರೀ 98 ಎಂದಿರುತ್ತದೆ. ಎರಡನೆಯದರಲ್ಲಿ 102, ಜೊತೆಗೆ ‘ಎಕ್ಸ್‌ಎಲ್’ ಅಥವಾ ‘ಎಕ್ಸ್‌ಟ್ರಾ ಲೋಡ್’. ಮೂರನೆಯದರಲ್ಲಿ 16ಕ್ಕೆ ಅಂಟಿಕೊಂಡೇ ‘ಸಿ’ ಎಂಬ ಅಕ್ಷರ, ಆಮೇಲೆ 109/107. ಈ ಅಂಕಿಗಳು ಕಿಲೋ ಅಲ್ಲ, ಭಾರದ ಪಟ್ಟಿಯ ಸಂಕೇತಗಳು. ಪಟ್ಟಿ ತೆಗೆದು ನೋಡಿದರೆ 98 ಅಂದರೆ 750 ಕಿಲೋ, 102 ಅಂದರೆ 850, 109 ಅಂದರೆ 1,030. ಕಣ್ಣಿಗೆ ಒಂದೇ ಥರ ಕಾಣುವ ಟೈರುಗಳ ನಡುವೆ ಒಂದೊಂದು ಚಕ್ರಕ್ಕೆ 280 ಕಿಲೋವರೆಗೆ ಅಂತರವಿದೆ.

ಈ ಅಂತರ ಬರುವುದು ಗಾಳಿಯಿಂದ. ಗಾಡಿಯ ಭಾರದ ಬಹುಪಾಲನ್ನು ಹೊರುವುದು ಒಳಗೆ ಒತ್ತಿ ತುಂಬಿದ ಗಾಳಿಯೇ ಹೊರತು ರಬ್ಬರಲ್ಲ. ಆ ಒತ್ತಡವನ್ನು ತಡೆದು ಹಿಡಿಯುವುದು ರಬ್ಬರು ಮತ್ತು ದಾರದ ಕೆಲಸ. ಸಾಧಾರಣ ಕಾರ್ ಟೈರು ತನ್ನ ಪೂರ್ತಿ ಭಾರ ಹೊರುವುದು ಸುಮಾರು 36 ಪಿಎಸ್‌ಐ ಗಾಳಿಯಲ್ಲಿ. ಎಕ್ಸ್‌ಎಲ್ ಟೈರಿನ ಒಡಲು ಗಟ್ಟಿ, ಅದು 42ರವರೆಗೆ ಹೋಗುತ್ತದೆ. ಸಿ ಅಥವಾ ಎಲ್‌ಟಿ, ಅಂದರೆ ವ್ಯಾನು, ಪಿಕಪ್ಪುಗಳಿಗೆಂದೇ ಮಾಡಿದ ಟೈರು ಇನ್ನೂ ಮೇಲೆ, 65 ಅಥವಾ ಅದಕ್ಕೂ ಹೆಚ್ಚು. ಇಲ್ಲಿ ಬಹಳ ಜನ ಎಡವುತ್ತಾರೆ. ಎಕ್ಸ್‌ಎಲ್ ಟೈರು ಹಾಕಿಸಿ, ಹಳೆಯ ಅಭ್ಯಾಸದಂತೆ 36ರಷ್ಟೇ ಗಾಳಿ ತುಂಬಿಸಿದರೆ ಅದು ಸಾಧಾರಣ ಟೈರಿಗಿಂತ ಹೆಚ್ಚೇನೂ ಹೊರುವುದಿಲ್ಲ. ದುಡ್ಡು ಕೊಟ್ಟದ್ದು ಹೆಚ್ಚು ಗಾಳಿ ತಡೆಯುವ ಒಡಲಿಗೆ, ಆ ಗಾಳಿಯನ್ನೇ ತುಂಬದಿದ್ದರೆ ಒಡಲಿನಿಂದ ಪ್ರಯೋಜನವಿಲ್ಲ.

ಒಂದು ಲೆಕ್ಕ ಹಾಕೋಣ. ಇದೇ ಅಳತೆಯ ಚಕ್ರಗಳಿರುವ ವ್ಯಾನಿಗೆ ಈರುಳ್ಳಿ ಮೂಟೆ ತುಂಬಿಸಿ, ವೇಬ್ರಿಡ್ಜ್ ಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿದಾಗ 1,800 ಕಿಲೋ ಬಂತೆನ್ನಿ. ಒಂದು ಚಕ್ರಕ್ಕೆ 900. ಸಾಧಾರಣ ಟೈರಿಗೆ 150 ಕಿಲೋ ಮಿತಿಮೀರಿತು. ಎಕ್ಸ್‌ಎಲ್ ಕೂಡ 50 ಕಿಲೋ ಸೋತಿತು, ಅದೂ 42 ಪಿಎಸ್‌ಐ ಗಾಳಿ ಇದ್ದಾಗ. ಸಿ ಟೈರು ಮಾತ್ರ ನಿಲ್ಲುತ್ತದೆ, ಮೂಟೆಗಳು ಒಂದು ಕಡೆಗೆ ವಾಲಿದರೂ ಸ್ವಲ್ಪ ಉಳಿಕೆ ಇರುತ್ತದೆ. ಕೆಳಗೆ ಇನ್ನೊಂದು ಪಟ್ಟಾ ಹಾಕಿಸಿದರೆ ಗಾಡಿ ಕುಗ್ಗುವುದು ನಿಲ್ಲಬಹುದು, ಟೈರಿನ ತಾಕತ್ತು ಒಂದು ಕಿಲೋ ಕೂಡ ಏರುವುದಿಲ್ಲ.

109/107 ಎಂದು ಎರಡು ಅಂಕಿ ಏಕೆ? ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಹಿಂದೆ ಜೋಡಿ ಚಕ್ರವಿರುವ ಗಾಡಿಗೆ. ಜೋಡಿಯಲ್ಲಿ ಭಾರ ಸಮವಾಗಿ ಹಂಚಿಕೆಯಾಗದ ಕಾರಣ ಒಂದೊಂದಕ್ಕೂ ಕಡಿಮೆ ಲೆಕ್ಕ.

ನಮ್ಮಲ್ಲಿ ಈ ಬರಹದ ರೂಢಿ ತುಸು ಬೇರೆ. ಟಾಟಾ ಏಸ್‌ನಂಥ ಗಾಡಿಯ ಟೈರಿನಲ್ಲಿ ‘145 ಆರ್ 12 ಎಲ್‌ಟಿ 8 ಪಿಆರ್’ ಎಂದು ಎಲ್‌ಟಿ ಹಿಂದೆ ಬರುತ್ತದೆ. ಅಮೆರಿಕದ ಟೈರಿನಲ್ಲಿ ಎಲ್‌ಟಿ ಅಳತೆಗಿಂತ ಮುಂಚೆಯೇ ಬರುತ್ತದೆ. ಅಲ್ಲಿ ‘ಲೋಡ್ ರೇಂಜ್ ಸಿ’ ಎಂದಿದ್ದರೆ ಅದು 6 ಪಿಆರ್‌ಗೆ ಸಮ, ರಿಮ್ಮಿನ ಅಂಕಿಗೆ ಅಂಟಿದ ಸಿಗೂ ಅದಕ್ಕೂ ಸಂಬಂಧವಿಲ್ಲ. ಪಿಆರ್ ಅಂದರೆ ಪ್ಲೈ ರೇಟಿಂಗ್. ಹತ್ತಿ ದಾರದ ಕಾಲದಲ್ಲಿ ಎಂಟು ಪ್ಲೈ ಅಂದರೆ ನಿಜಕ್ಕೂ ಎಂಟು ಪದರವಿರುತ್ತಿತ್ತು. ಈಗಿನ 8 ಪಿಆರ್ ರೇಡಿಯಲ್ ಟೈರಿನ ಪಕ್ಕೆಯಲ್ಲಿ ಒಂದೆರಡೇ ಪಾಲಿಯೆಸ್ಟರ್ ಪದರ ಇರಬಹುದು. ಬಲ ಅಷ್ಟೇ ಇದೆ ಎಂಬುದಷ್ಟೇ ಅದರ ಅರ್ಥ.

ಮಿತಿ ಮೀರಿದ ಟೈರು ಮೊದಲು ತೋರಿಸುವುದು ಬಿಸಿಯನ್ನು. ಪಕ್ಕೆ ಸುತ್ತಿ ಸುತ್ತಿ ಮಡಚಿಕೊಂಡು ಕಾಯುತ್ತದೆ. ಆ ಕಾವಿಗೆ ಒಳಗಿನ ಉಕ್ಕಿನ ಪಟ್ಟಿಗಳು ರಬ್ಬರಿನಿಂದ ಬಿಡಿಸಿಕೊಳ್ಳುತ್ತವೆ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ, ಪಕ್ಕೆಯಲ್ಲಿ ಗುಳ್ಳೆ ಎದ್ದಿದ್ದರೆ, ಬಿಚ್ಚಿದಾಗ ಒಳಗೆ ಕರಿ ರಬ್ಬರಿನ ಪುಡಿ ಉದುರಿದರೆ ಆ ಟೈರನ್ನು ಮತ್ತೆ ರಸ್ತೆಗೆ ಇಳಿಸಬೇಡಿ. ಬರೀ ಪಂಕ್ಚರ್ ಹಾಕಿ ಕಳಿಸುವ ಅಂಗಡಿಯವರ ಮೇಲೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ಎಲ್‌ಟಿ ಟೈರಿಗೆ ಬದಲಾಯಿಸುವವರು ವಾಲ್ವನ್ನೂ ನೋಡಬೇಕು. ಕಾರುಗಳ ಮಾಮೂಲಿ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ಅದರಾಚೆಗೆ ಲೋಹದ ವಾಲ್ವೋ ಹೆಚ್ಚು ಒತ್ತಡದ ರಬ್ಬರ್ ವಾಲ್ವೋ ಬೇಕು. ರಿಮ್ಮೂ ಆ ಭಾರಕ್ಕೆ ತಕ್ಕದ್ದಾಗಿರಬೇಕು. ಪಕ್ಕೆಯ ಮೇಲಿನ ಒತ್ತಡ ಪೂರ್ತಿ ಭಾರಕ್ಕೆ ಸಂಬಂಧಿಸಿದ್ದು. ಖಾಲಿ ಗಾಡಿಯ ಹಿಂದಿನ ಚಕ್ರಗಳಲ್ಲಿ ಅಷ್ಟು ಗಾಳಿ ಇಟ್ಟರೆ ಗಾಡಿ ಕುಣಿಯುತ್ತದೆ, ಹಿಡಿತ ತಪ್ಪುತ್ತದೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಎಂಬುದಕ್ಕೆ ಚಾಲಕನ ಬಾಗಿಲ ಚೌಕಟ್ಟಿನ ಚೀಟಿ ಅಥವಾ ಗಾಡಿಯ ಕೈಪಿಡಿ ನೋಡಿ.