ಒಂದು ದಿನಕ್ಕೆ ಒಂದು ವರ್ಷ

1917ರ ಜುಲೈನಲ್ಲಿ ಲಂಡನ್ನಿನ ನ್ಯಾಯಾಲಯವೊಂದು ಅಲನ್ ಲಿಯೋ ಎಂಬ ಜ್ಯೋತಿಷಿಗೆ ಐದು ಪೌಂಡ್ ದಂಡ ಹಾಕಿತು, ಜೊತೆಗೆ ಮೊಕದ್ದಮೆಯ ಖರ್ಚನ್ನೂ ಹೊರಿಸಿತು. ಭವಿಷ್ಯ ಹೇಳಿದ್ದೇ ಅಪರಾಧ. ತಾನು ಹೇಳುವುದು ಪ್ರವೃತ್ತಿಯನ್ನೇ ಹೊರತು ಘಟನೆಯನ್ನಲ್ಲ ಎಂಬ ಲಿಯೋ ವಾದ ಅಲ್ಲಿ ನಿಲ್ಲಲಿಲ್ಲ. ಮರು ತಿಂಗಳೇ ಆತ ತೀರಿಕೊಂಡ. ಆದರೆ ಸೋತ ವಾದವೇ ಬದುಕಿಕೊಂಡಿತು. ಇವತ್ತಿನ ಪಾಶ್ಚಾತ್ಯ ಜ್ಯೋತಿಷಿ ದಂಪತಿಯನ್ನು ಎದುರಿಗೆ ಕೂರಿಸಿಕೊಂಡು ‘ಈ ವರ್ಷ ಬೇರೆಯಾಗುತ್ತೀರಿ’ ಎನ್ನುವುದು ಅಪರೂಪ. ‘ನಿಮ್ಮ ಸಂಬಂಧ ಹೊಸ ಹಂತಕ್ಕೆ ಕಾಲಿಡುತ್ತಿದೆ’ ಎನ್ನುತ್ತಾನೆ.

ಆ ಹಂತವನ್ನು ಕಾಣಲು ಅವನು ಮುಖ್ಯವಾಗಿ ಎರಡು ಲೆಕ್ಕ ಹಾಕುತ್ತಾನೆ. ಒಂದು, 17ನೇ ಶತಮಾನದ ಇಟಲಿಯ ಸನ್ಯಾಸಿ ಪ್ಲಾಸಿಡಸ್ ಬಳಸಿದ, ಲಿಯೋ ಜನಪ್ರಿಯಗೊಳಿಸಿದ ಸೆಕೆಂಡರಿ ಪ್ರೊಗ್ರೆಷನ್. ಹುಟ್ಟಿದ ಮೇಲಿನ ಒಂದೊಂದು ದಿನವೂ ಬದುಕಿನ ಒಂದೊಂದು ವರ್ಷಕ್ಕೆ ಸಮ. ಮೂವತ್ತನೇ ವರ್ಷ ಹೇಗಿದ್ದೀತೆಂದು ತಿಳಿಯಲು ಹುಟ್ಟಿದ ಮೂವತ್ತನೇ ದಿನದ ಆಕಾಶ ನೋಡಬೇಕು. ಇನ್ನೊಂದು ಸೋಲಾರ್ ರಿಟರ್ನ್: ಸೂರ್ಯ ಜನ್ಮಕಾಲದ ಅದೇ ಅಂಶ, ಅದೇ ಕಲೆಗೆ ಮರಳುವ ಗಳಿಗೆಗೆ ಹಾಕಿದ ಕುಂಡಲಿ. ಅದರ ಆಯುಷ್ಯ ಮುಂದಿನ ಹುಟ್ಟುಹಬ್ಬದವರೆಗೆ ಮಾತ್ರ.

‘ಹಂತ’ಕ್ಕೆ ಲೆಕ್ಕದ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಡೇನ್ ರುಡ್ಯಾರ್. ಪ್ರೊಗ್ರೆಷನ್ನಿನ ಚಂದ್ರ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬರಲು ಸುಮಾರು 30 ವರ್ಷ. ಅಮಾವಾಸ್ಯೆ ಬೀಜ; ಹುಣ್ಣಿಮೆ ಎಂದರೆ ಕಟ್ಟಿಕೊಂಡದ್ದೆಲ್ಲ ನಿಚ್ಚಳವಾಗಿ ಕಾಣುವ ಕಾಲ ಎಂಬುದು ಆತನ ವ್ಯಾಖ್ಯಾನ.

ಇದನ್ನೆಲ್ಲ ಬ್ರಿಟನ್ನಿನ ರಾಜಕುಮಾರಿ ಡಯಾನಾ ಜಾತಕಕ್ಕೆ ಹಚ್ಚಿ ನೋಡಬಹುದು. ಆಕೆ ಹುಟ್ಟಿದ್ದು 1961ರ ಜುಲೈ 1ರಂದು. ಸೂರ್ಯ ಸಾಯನ ಕಟಕದ ಹತ್ತನೇ ಅಂಶದ ಆಸುಪಾಸು, ಶನಿ ಮಕರದ 28ರ ಆಸುಪಾಸು. ಆ ದಿನಗಳಲ್ಲಿ ಸೂರ್ಯ ದಿನಕ್ಕೆ 57 ಕಲೆ ಸಾಗುತ್ತಾನೆ. ಶನಿಗೆ ನೇರ ಎದುರಾಗಲು 19 ದಿನ ಬೇಕು. ಅಂದರೆ 19ನೇ ವಯಸ್ಸು, 1980ರ ಬೇಸಿಗೆ. ಯುವರಾಜ ಚಾರ್ಲ್ಸ್ ಜತೆಗಿನ ಒಡನಾಟ ಬಲಿತದ್ದೂ ಆಗಲೇ. ಚಾರ್ಲ್ಸ್ ಆಕೆಗಿಂತ ಹನ್ನೆರಡು ವರ್ಷಕ್ಕೂ ಹೆಚ್ಚು ದೊಡ್ಡವ. ‘ಹಿರಿಯನ ಸಂಗ, ಕರ್ತವ್ಯದ ಭಾರ’ ಎಂದು ಓದಿದರೆ ಬೆರಗಾಗುವಷ್ಟು ಸರಿ. ಹುಟ್ಟಿದ 26 ದಿನಗಳಿಗೆ, 1961ರ ಜುಲೈ 27ರಂದು ಹುಣ್ಣಿಮೆ. ಅದು 1987ರ ಜುಲೈಗೆ ಹೊಂದುತ್ತದೆ. ದಾಂಪತ್ಯ ಆ ಹೊತ್ತಿಗೆ ಒಳಗೇ ಮುರಿದಿತ್ತೆಂಬುದು ಆಮೇಲೆ ಬಯಲಾಯಿತು.

ಆದರೆ 1980ರಲ್ಲೇ ಕೇಳಿದ್ದರೆ? ಶನಿಯ ಎದುರು ಸೂರ್ಯ ಬಂದಾಗ ‘ಒಂಟಿತನ, ತಡ, ನಿರಾಕರಣೆ’ ಎಂದೂ ಜ್ಯೋತಿಷದ ಪುಸ್ತಕಗಳು ಹೇಳುತ್ತವೆ. ಮರುವರ್ಷವೇ ಮದುವೆ ಎಂದು ಯಾರು ಪಣ ಕಟ್ಟುತ್ತಿದ್ದರು? ಇನ್ನು 1992ರ ಡಿಸೆಂಬರಿನಲ್ಲಿ ಬೇರ್ಪಡಿಕೆ ಘೋಷಣೆಯಾದಾಗ ಪ್ರೊಗ್ರೆಷನ್ನಿನ ಸೂರ್ಯ ಸಿಂಹದ ಹತ್ತನೇ ಅಂಶದ ಹತ್ತಿರ. ಶನಿಯ ಜತೆ ಆದಂಥ ಎದುರುಬದುರು ಅಲ್ಲಿಲ್ಲ. ಆಗ ಹುಡುಕಾಟ ಚಂದ್ರನತ್ತ, ಶುಕ್ರನತ್ತ, ಗಂಡನ ಜಾತಕದತ್ತ ಹೊರಳುತ್ತದೆ. ಇಬ್ಬರ ಜಾತಕ, ತಲಾ ಎರಡು ಲೆಕ್ಕ, ಪ್ರತಿಯೊಂದರಲ್ಲೂ ಹತ್ತು ಗ್ರಹ! ಏನೂ ಸಿಗದೆ ಹೋಗುವುದೇ ಕಷ್ಟ.

ಸೋಲಾರ್ ರಿಟರ್ನ್ ಇನ್ನೂ ಸೂಕ್ಷ್ಮ. ಸೂರ್ಯ ಮರಳುವ ಗಳಿಗೆ ವರ್ಷವರ್ಷವೂ ಆರು ಗಂಟೆಗೆ ತುಸು ಕಡಿಮೆ ಮುಂದಕ್ಕೆ ಸರಿಯುವುದರಿಂದ ಲಗ್ನ ಸುಮಾರು ಮೂರು ರಾಶಿ ಜಿಗಿಯುತ್ತದೆ. ಸಂಗಾತಿಯ ಏಳನೇ ಮನೆಯೂ ಅದರ ಬೆನ್ನಿಗೇ. ಡಯಾನಾ ಜನನಕ್ಕೆ ಸಂಜೆ 7.45 ಎಂಬ ಸಮಯ ಬಳಕೆಯಲ್ಲಿದ್ದರೂ ಮಧ್ಯಾಹ್ನ ಎರಡರ ಸುಮಾರಿನದೂ ಓಡಾಡಿತ್ತು. ಈ ವ್ಯತ್ಯಾಸದಿಂದ ಶನಿಯ ಎದುರಾಟ ಹೆಚ್ಚೆಂದರೆ ಮೂರು ತಿಂಗಳು ಸರಿದೀತು, ಆದರೆ ವರ್ಷದ ಕುಂಡಲಿಯ ಮನೆಗಳೆಲ್ಲ ಅದಲುಬದಲು.

ಇದರ ದಾಯಾದಿ ನಮ್ಮಲ್ಲೂ ಇದೆ. ಅರಬ್ಬೀ-ಪಾರಸಿ ಮೂಲದಿಂದ ಬಂದ ತಾಜಿಕ ಪದ್ಧತಿಯ ವರ್ಷಫಲ ಅದು, ಬೆಂಗಳೂರಿನ ಬಿ.ವಿ. ರಾಮನ್ ಈ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು. ಅಲ್ಲಿಯ ಲೆಕ್ಕ ನಿರಯಣದ್ದು, ವರ್ಷಕ್ಕೆ ಸುಮಾರು 20 ನಿಮಿಷ ಉದ್ದ. ಡಯಾನಾ ವಿಚ್ಛೇದನದ ವರ್ಷಕ್ಕೆ, 35 ತುಂಬಿದಾಗ, ಎರಡು ಪದ್ಧತಿಗಳ ನಡುವೆ ಹನ್ನೆರಡು ಗಂಟೆಯ ಅಂತರ. ಒಂದೇ ಹೆಂಗಸು, ಒಂದೇ ವರ್ಷ. ಒಬ್ಬ ಜ್ಯೋತಿಷಿಗೆ ಆಕಾಶದ ಪೂರ್ವ ಭಾಗವಾದದ್ದು ಇನ್ನೊಬ್ಬನಿಗೆ ಹೆಚ್ಚುಕಡಿಮೆ ಪಶ್ಚಿಮ.

ಪರೀಕ್ಷೆ ನಡೆದಿಲ್ಲವೆಂದಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವೋಸ್ 2001ರ ಜನಗಣತಿಯಿಂದ ಇಂಗ್ಲೆಂಡ್-ವೇಲ್ಸ್‌ನ ಸುಮಾರು ಒಂದು ಕೋಟಿ ದಂಪತಿಗಳನ್ನು ನೋಡಿ, ಸೂರ್ಯರಾಶಿಗೂ ಮದುವೆಗೂ ನಂಟಿಲ್ಲವೆಂದು ಕಂಡರು. ಅದು ಬರೀ ಸೂರ್ಯರಾಶಿ, ಪ್ರೊಗ್ರೆಷನ್ ಅಲ್ಲವಲ್ಲ ಎಂದು ಜ್ಯೋತಿಷಿಗಳು ಆಕ್ಷೇಪಿಸಿದರೆ ತಪ್ಪೆನ್ನಲಾಗದು. ಆದರೆ ಅಷ್ಟೇ ದೊಡ್ಡ ಪರೀಕ್ಷೆಯನ್ನು ಸೋಲಾರ್ ರಿಟರ್ನಿಗೆ ಒಡ್ಡಬೇಕಾದರೆ ಗಂಡ-ಹೆಂಡತಿ ಇಬ್ಬರ ಜನನದ ನಿಮಿಷವೂ ಬೇಕು. ಸ್ಕಾಟ್ಲೆಂಡಿನ ಜನನ ಪತ್ರದಲ್ಲಿ ಸಮಯ ಇರುತ್ತದೆ. ಇಂಗ್ಲೆಂಡಿನದರಲ್ಲಿ ಸಾಮಾನ್ಯವಾಗಿ ಅದನ್ನು ಬರೆಯುವುದು ಅವಳಿ-ತ್ರಿವಳಿ ಮಕ್ಕಳು ಹುಟ್ಟಿದಾಗ ಮಾತ್ರ.