ಆರು ನೆರೆಮನೆಗಳ ಲೆಕ್ಕ

2010ರ ಸೆಪ್ಟೆಂಬರ್‌ನಲ್ಲಿ ‘ಸಿವಿಲೈಜೇಶನ್ 5’ ಬಿಡುಗಡೆಯಾದಾಗ, ಆ ಸರಣಿಯನ್ನು ವರ್ಷಗಳಿಂದ ಆಡಿಕೊಂಡು ಬಂದವರಿಗೆ ಮೊದಲು ಕಣ್ಣಿಗೆ ಬಿದ್ದದ್ದು ನೆಲ. ಹಿಂದಿನ ನಾಲ್ಕೂ ಆಟಗಳಲ್ಲಿ ಭೂಪಟವೆಂದರೆ ಚೌಕಗಳು. ಐದನೆಯದರಲ್ಲಿ ಇಡೀ ಪ್ರಪಂಚ ಜೇನುಹುಟ್ಟಿನ ಹಾಗೆ ಷಡ್ಭುಜಗಳಾಗಿ ಒಡೆದುಕೊಂಡಿತ್ತು. ಹಾಗೆ ನೋಡಿದರೆ ಇದು ಹೊಸ ಯೋಚನೆಯಲ್ಲ. ಅಮೆರಿಕದ ಅವಲಾನ್ ಹಿಲ್ ಕಂಪನಿ ‘ಗೆಟಿಸ್‌ಬರ್ಗ್’ ಎಂಬ ಯುದ್ಧದಾಟದ 1961ರ ಆವೃತ್ತಿಯನ್ನು ಷಡ್ಭುಜದ ಹಾಸಿನ ಮೇಲೆ ತಂದಿತ್ತು. ಕಂಪ್ಯೂಟರ್ ಆಟಗಳಿಗೂ ಈ ಹಾಸು ಬಂದದ್ದು ಅಂಥ ರಟ್ಟಿನ ಆಟಗಳಿಂದಲೇ.

ಚೌಕಕ್ಕೆ ಏನು ಬಂದಿತ್ತು ಕೇಡು? ಚದುರಂಗದ ರಾಜನನ್ನು ನೋಡಿದರೆ ಸಾಕು. ಅವನು ಪಕ್ಕದ ಮನೆಗೆ ಹೋದರೂ ಒಂದು ನಡೆ, ಮೂಲೆಯ ಮನೆಗೆ ಹೋದರೂ ಒಂದೇ ನಡೆ. ಆದರೆ ಅಳೆದು ನೋಡಿದರೆ ಮೂಲೆಯ ಮನೆಯ ನಡುವು ಪಕ್ಕದ್ದಕ್ಕಿಂತ ಸುಮಾರು 1.41 ಪಟ್ಟು ದೂರದಲ್ಲಿರುತ್ತದೆ. ಓರೆಯಾಗಿ ನಡೆಯುವ ಸೈನ್ಯಕ್ಕೆ ಪ್ರತಿ ಹೆಜ್ಜೆಗೂ ಪುಕ್ಕಟೆಯಾಗಿ ಒಂದಿಷ್ಟು ನೆಲ ಸಿಕ್ಕಂತಾಯಿತು. ಓರೆ ನಡೆಯನ್ನೇ ನಿಷೇಧಿಸಿದರೆ ಎದುರಿಗೇ ಕಾಣುವ ಮೂಲೆಯ ಮನೆಗೆ ಎರಡು ನಡೆ ಬೇಕಾಗುತ್ತದೆ. ಷಡ್ಭುಜದಲ್ಲಿ ಈ ತಂಟೆಯಿಲ್ಲ. ಪ್ರತಿ ಮನೆಗೂ ಆರು ನೆರೆಮನೆಗಳು, ಆರೂ ಒಂದೊಂದು ಅಂಚನ್ನು ಹಂಚಿಕೊಂಡಿರುತ್ತವೆ, ಆರರ ನಡುವೂ ಸಮದೂರದಲ್ಲಿರುತ್ತವೆ.

ತೊಂದರೆ ಇರುವುದು ಆಡುವವನಿಗಲ್ಲ, ಆಟ ಬರೆಯುವವನಿಗೆ. ಕಂಪ್ಯೂಟರಿಗೆ ಷಡ್ಭುಜ ಕಾಣುವುದಿಲ್ಲ, ಅದಕ್ಕೆ ಬೇಕಾದದ್ದು ಅಂಕಿ. ಸಾಮಾನ್ಯವಾಗಿ ಎಲ್ಲರಿಗೂ ಮೊದಲು ಹೊಳೆಯುವುದು ಸಿನಿಮಾ ಟಿಕೆಟಿನ ದಾರಿ: ಎಷ್ಟನೆಯ ಸಾಲು, ಆ ಸಾಲಿನಲ್ಲಿ ಎಷ್ಟನೆಯ ಸೀಟು. ಮೊನೆ ಮೇಲಾಗಿ ನಿಂತ ಷಡ್ಭುಜಗಳನ್ನು ಸಾಲುಸಾಲಾಗಿ ಜೋಡಿಸಿ, ಒಂದು ಬಿಟ್ಟು ಒಂದು ಸಾಲನ್ನು ಅರ್ಧ ಮನೆಯಷ್ಟು ಬಲಕ್ಕೆ ಸರಿಸಿದರೆ ಹಾಸು ಸಿದ್ಧ. ಸಿವಿಲೈಜೇಶನ್ 5ರ ನೆಲವೂ ಹೀಗೆಯೇ ಇದೆ. ಭೂಪಟವನ್ನು ಕಡತದಲ್ಲಿ ಕೂಡಿಡುವುದಕ್ಕೆ ಈ ಕ್ರಮ ಬಹಳ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕ ಮಾಡಲು ಹೊರಟಾಗ ಮಾತ್ರ ಅದು ಕೈ ಕೊಡುತ್ತದೆ.

ಹೇಗೆಂದರೆ, ಸಾಲುಗಳನ್ನು ಮೇಲಿನಿಂದ ಕೆಳಕ್ಕೆ 0, 1, 2, 3 ಎಂದು ಎಣಿಸಿ ಬೆಸ ಸಾಲುಗಳನ್ನು ಬಲಕ್ಕೆ ಸರಿಸಿದ್ದೇವೆ ಎಂದಿಟ್ಟುಕೊಳ್ಳಿ. ಮೊದಲು ಕಂಬ, ಆಮೇಲೆ ಸಾಲು ಹೇಳುವುದಾದರೆ, (3, 3)ರಲ್ಲಿ ನಿಂತವನಿಗೆ (4, 2) ನೆರೆಮನೆ. ಅಂದರೆ ಒಂದು ಕಂಬ ಬಲಕ್ಕೆ, ಒಂದು ಸಾಲು ಮೇಲಕ್ಕೆ. ಇದೇ ಹೆಜ್ಜೆಯನ್ನು (3, 2)ರಿಂದ ಹಾಕಿದರೆ (4, 1) ಸಿಗುತ್ತದೆ, ಆದರೆ ಅದು ನೆರೆಮನೆಯಲ್ಲ! ಅಲ್ಲಿಗೆ ಎರಡು ನಡೆ ಬೇಕು. ಸಮ ಸಾಲಿಗೆ ಒಂದು ಪಟ್ಟಿ, ಬೆಸ ಸಾಲಿಗೆ ಇನ್ನೊಂದು ಪಟ್ಟಿ ಇಟ್ಟುಕೊಂಡು ನೆರೆಮನೆಗಳನ್ನೇನೋ ಹುಡುಕಿಬಿಡಬಹುದು. ದೂರದ ವಿಷಯಕ್ಕೆ ಬಂದಾಗ ಆ ಪಟ್ಟಿಗಳೂ ಸಾಲುವುದಿಲ್ಲ.

ಒಂದು ಸಂದರ್ಭವನ್ನೇ ಬಿಡಿಸಿ ನೋಡೋಣ. ಬಯಲಿನಲ್ಲಿ ಒಬ್ಬ ಬಿಲ್ಲುಗಾರ (3, 3)ರಲ್ಲಿದ್ದಾನೆ. ಶತ್ರು (5, 1)ರಲ್ಲಿದ್ದಾನೆ. ಸಿವಿಲೈಜೇಶನ್ 5ರ ಬಿಲ್ಲುಗಾರನ ಬಾಣ ಎರಡು ಮನೆ ದೂರ ಹೋಗುತ್ತದೆ. ಬಾಣ ತಾಕುತ್ತದೆಯೇ? ಕಂಬದಲ್ಲಿ ವ್ಯತ್ಯಾಸ 2, ಸಾಲಿನಲ್ಲಿ ವ್ಯತ್ಯಾಸ 2. ಚದುರಂಗದ ರಾಜನ ಲೆಕ್ಕ ಹಿಡಿದರೆ ದೂರ 2, ಬಾಣ ಬಿಡಬಹುದು. ಎರಡನ್ನೂ ಕೂಡಿಸುವ ಲೆಕ್ಕದಲ್ಲಿ ದೂರ 4. ಹಾಸಿನ ಮೇಲೆ ಬೆರಳಿಟ್ಟು ಎಣಿಸಿದರೆ ಸಿಗುವ ಉತ್ತರ 3. ಎರಡು ಲೆಕ್ಕಗಳೂ ತಪ್ಪು.

ಇದಕ್ಕೆ ಪರಿಹಾರ ಮೂರನೆಯ ದಿಕ್ಕೊಂದನ್ನು ಒಪ್ಪಿಕೊಳ್ಳುವುದು. ಚೌಕದ ಹಾಸಿನಲ್ಲಿ ಅಡ್ಡ ಮತ್ತು ನೆಟ್ಟಗೆ ಎಂಬ ಎರಡೇ ನೇರ ದಾರಿಗಳಿವೆ. ಷಡ್ಭುಜದ ಹಾಸಿನಲ್ಲಿ ಅಂಚಿನಿಂದ ಅಂಚಿಗೆ ದಾಟುತ್ತಾ ಹೋಗುವ ನೇರ ದಾರಿಗಳು ಮೂರು. ಆದ್ದರಿಂದ ಪ್ರತಿ ಮನೆಗೂ q, r, s ಎಂಬ ಮೂರು ಅಂಕಿ ಕೊಡುತ್ತಾರೆ. ಅದಕ್ಕೊಂದು ಕಟ್ಟುಪಾಡು ಉಂಟು: ಮೂರರ ಮೊತ್ತ ಯಾವಾಗಲೂ ಸೊನ್ನೆ. ನೆರೆಮನೆಗೆ ದಾಟುವಾಗ ಒಂದು ಅಂಕಿ 1 ಹೆಚ್ಚುತ್ತದೆ, ಇನ್ನೊಂದು 1 ಇಳಿಯುತ್ತದೆ, ಮೂರನೆಯದು ಇದ್ದ ಹಾಗೆಯೇ ಇರುತ್ತದೆ. ಹೆಚ್ಚುವುದೊಂದು ಇಳಿಯುವುದೊಂದು ಎಂದು ಆರಿಸಿಕೊಳ್ಳಲು ಆರೇ ದಾರಿಗಳಿವೆ, ನೆರೆಮನೆಗಳೂ ಆರೇ. ಸಾಲು ಸಮವೋ ಬೆಸವೋ ಎಂಬ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಕೂಡಿಡುವಾಗ ಮೂರೂ ಬೇಕಿಲ್ಲ. q ಮತ್ತು r ಇದ್ದರೆ ಮೂರನೆಯದು ತಾನಾಗಿ ಸಿಗುತ್ತದೆ.

ಸಾಲು-ಕಂಬದಿಂದ ಇಲ್ಲಿಗೆ ಬರುವ ಸೂತ್ರ ಚಿಕ್ಕದು:

```
q = col - (row - (row & 1)) / 2
r = row
s = -q - r
```

`row & 1` ಎಂದರೆ ಬೆಸ ಸಾಲಿಗೆ 1, ಸಮ ಸಾಲಿಗೆ 0. ಹಲವರು ಇದರ ಜಾಗದಲ್ಲಿ `row % 2` ಬರೆಯುತ್ತಾರೆ. ಪೈಥಾನ್‌ನಲ್ಲಿ ಅದೂ ನಡೆಯುತ್ತದೆ. ಸಿ, ಜಾವಾದಂಥ ಭಾಷೆಗಳಲ್ಲಿ -1ನ್ನು ಹೀಗೆ ಭಾಗಿಸಿದರೆ ಶೇಷ -1 ಎಂದು ಬರುವುದರಿಂದ, ಸಾಲಿನ ಸಂಖ್ಯೆ ಸೊನ್ನೆಗಿಂತ ಕೆಳಗಿಳಿದ ಕಡೆ ಮಾತ್ರ ಮನೆಗಳು ಪಕ್ಕಕ್ಕೆ ಜಾರುತ್ತವೆ. ಉಳಿದ ಭೂಪಟವೆಲ್ಲ ಸರಿಯಾಗಿಯೇ ಇರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಈಗ ಬಿಲ್ಲುಗಾರನ ಬಳಿಗೆ ಮರಳೋಣ. ಸೂತ್ರಕ್ಕೆ ಹಾಕಿದರೆ ಅವನ ಮನೆ (2, 3, -5), ಶತ್ರುವಿನದು (5, 1, -6). ವ್ಯತ್ಯಾಸಗಳು 3, -2, -1. ಋಣ ಚಿಹ್ನೆಯನ್ನು ಮರೆತು ಮೂರನ್ನೂ ಕೂಡಿಸಿದರೆ 6. ಒಂದೊಂದು ಹೆಜ್ಜೆಗೂ ಎರಡೆರಡು ಅಂಕಿಗಳು ಬದಲಾಗುತ್ತವೆ, ಹಾಗಾಗಿ ಅರ್ಧ ಮಾಡಬೇಕು. ದೂರ 3. ಬೆರಳಿನ ಎಣಿಕೆಗೆ ಸರಿಹೋಯಿತು, ಬಾಣ ತಾಕುವುದಿಲ್ಲ.

ಹಾಗಾದರೆ ಒಂದು ಹೆಜ್ಜೆ ಎತ್ತ ಇಟ್ಟರೆ ತಾಕೀತು? ಆರೂ ನೆರೆಮನೆಗಳನ್ನು ಪರೀಕ್ಷಿಸಬಹುದು. ಪೂರ್ವದ (3, 3, -6)ರಿಂದ ಶತ್ರುವಿಗೆ ದೂರ 2. ಈಶಾನ್ಯದ (3, 2, -5)ರಿಂದಲೂ 2. ವಾಯವ್ಯ ಮತ್ತು ಆಗ್ನೇಯದ ಮನೆಗಳಿಂದ ದೂರ ಮೊದಲಿನಂತೆ 3, ಪಶ್ಚಿಮ ಮತ್ತು ನೈಋತ್ಯದಿಂದ 4. ಎರಡು ಮನೆ ಹತ್ತಿರ, ಎರಡು ಇದ್ದಷ್ಟೇ, ಎರಡು ದೂರ. ಕಂಪ್ಯೂಟರ್ ನಡೆಸುವ ಬಿಲ್ಲುಗಾರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಇಂಥ ಕೂಡು-ಕಳೆ ಲೆಕ್ಕದಿಂದಲೇ.

ಸಿವಿಲೈಜೇಶನ್ 5ರ ಕೋಡಿನಲ್ಲಿ ಇದೇ ಲೆಕ್ಕವನ್ನು ಕಾಣಬಹುದು. ಆಟವನ್ನು ತಮ್ಮ ಇಷ್ಟದಂತೆ ತಿದ್ದುವವರಿಗಾಗಿ ಕಂಪನಿ ಅದರ ಒಂದು ಭಾಗವನ್ನು ಹೊರಗೆ ಬಿಟ್ಟಿದೆ. ಅಲ್ಲಿ `xToHexspaceX` ಎಂಬುದು ಸಾಲು-ಕಂಬವನ್ನು ಓರೆ ಅಂಕಿಗೆ ತಿರುಗಿಸುತ್ತದೆ, `hexDistance` ಎಂಬುದು ದೂರ ಹೇಳುತ್ತದೆ. ಎರಡನೆಯದರಲ್ಲಿ s ಕೂಡ ಇಲ್ಲ. ಎರಡು ವ್ಯತ್ಯಾಸಗಳ ಚಿಹ್ನೆ ಒಂದೇ ಆಗಿದ್ದರೆ ಕೂಡಿಸು, ಬೇರೆಯಾಗಿದ್ದರೆ ದೊಡ್ಡದನ್ನು ತೆಗೆದುಕೋ, ಅಷ್ಟೆ. ನಮ್ಮ 3 ಮತ್ತು -2ರ ಚಿಹ್ನೆಗಳು ಬೇರೆ, ದೊಡ್ಡದು 3. ಮೊದಲ ದಾರಿಯ ಉತ್ತರವೇ ಬಂತು.

ಬಾಣದ ವ್ಯಾಪ್ತಿಯನ್ನು ಪರದೆಯ ಮೇಲೆ ಬಣ್ಣ ಬಳಿದು ತೋರಿಸಬೇಕಾದಾಗ ಒಂದು ಮನೆಯ ದೂರ ಸಾಲದು, ಎರಡು ಮನೆಯೊಳಗಿನ ಎಲ್ಲವೂ ಬೇಕು. q ಮತ್ತು r ಎರಡನ್ನೂ -2ರಿಂದ 2ರವರೆಗೆ ಓಡಿಸಿದರಾಯಿತು ಎಂದುಕೊಳ್ಳುವುದು ಸಹಜ. ಹಾಗೆ ಮಾಡಿದರೆ 25 ಮನೆಗಳು ಸಿಗುತ್ತವೆ, ಪರದೆಯ ಮೇಲೆ ಸೊಟ್ಟಗೆ ವಾಲಿದ ಪತಂಗದಂಥ ಆಕಾರ ಮೂಡುತ್ತದೆ. ಎರಡು ಮೂಲೆಗಳಲ್ಲಿ ಮೂರು-ಮೂರು ಮನೆಗಳು ಹೆಚ್ಚು, ಏಕೆಂದರೆ ಅಲ್ಲಿ s ಎಂಬುದು 2ರ ಎಲ್ಲೆ ಮೀರಿರುತ್ತದೆ. ಮೂರಕ್ಕೂ ಎಲ್ಲೆ ಹಾಕಬೇಕು:

```
for dq in range(-N, N + 1):
    lo = max(-N, -dq - N)
    hi = min(N, -dq + N)
    for dr in range(lo, hi + 1):
        print(q + dq, r + dr)
```

N ಎಂಬಲ್ಲಿ 2 ಹಾಕಿದರೆ 3, 4, 5, 4, 3 ಎಂದು ಒಟ್ಟು 19 ಮನೆಗಳು ಸಿಗುತ್ತವೆ. ‘ಕಟಾನ್’ ಎಂಬ ಜರ್ಮನಿಯ ಪ್ರಸಿದ್ಧ ಹಾಸುಗೆಯಾಟದ ದ್ವೀಪದಲ್ಲಿ ನೆಲದ ತುಂಡುಗಳು ಸರಿಯಾಗಿ ಇಷ್ಟೇ, ಇದೇ ಸಾಲುಗಳಲ್ಲಿ ಇರುತ್ತವೆ. ಯಾವುದೇ N ಗೆ ಎಣಿಕೆ 3N(N+1)+1. ಮೂರಕ್ಕೆ ಹಾಕಿದರೆ 37. ಸಿವಿಲೈಜೇಶನ್ 5ರ ನಗರವೊಂದು ತನ್ನ ಸುತ್ತಲ 36 ಮನೆಗಳವರೆಗೆ ದುಡಿಸಿಕೊಳ್ಳಬಹುದು, ನಗರದ್ದೂ ಸೇರಿದರೆ 37. ಕೋಡು ಬರೆದವರು ಈ ಎಣಿಕೆಯನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. 19 ಬರಬೇಕಾದಲ್ಲಿ 25 ಬಂತೆಂದರೆ ಮೂರನೆಯ ಎಲ್ಲೆ ಮರೆತಿದೆ ಎಂದೇ ಅರ್ಥ.

ಭೂಪಟದ ಅಂಚಿನಲ್ಲಿ ಇನ್ನೊಂದು ಬಲೆಯಿದೆ. ಪೂರ್ವದ ತುದಿ ದಾಟಿದರೆ ಪಶ್ಚಿಮದ ತುದಿಗೆ ಬಂದುಬಿಡುವ ದುಂಡು ಪ್ರಪಂಚದ ಆಟಗಳಲ್ಲಿ, 80 ಕಂಬಗಳ ಭೂಪಟವಾದರೆ ಒಂದೇ ಸಾಲಿನ 78ನೇ ಕಂಬದಿಂದ 1ನೇ ಕಂಬಕ್ಕೆ ದೂರ 77 ಅಲ್ಲ, 3. ಎರಡೂ ಬದಿಯಿಂದ ಅಳೆದು ಚಿಕ್ಕದನ್ನು ಆರಿಸಿಕೊಳ್ಳಬೇಕು. ಇದನ್ನು ಮರೆತ ಆಟದಲ್ಲಿ ಪಕ್ಕದಲ್ಲೇ ನಿಂತ ಶತ್ರುವನ್ನು ಬಿಲ್ಲುಗಾರ ಕಂಡೂ ಕಾಣದಂತೆ ಸುಮ್ಮನಿರುತ್ತಾನೆ, ಅದೂ ಭೂಪಟದ ಆ ಒಂದು ಗೆರೆಯಲ್ಲಿ ಮಾತ್ರ.

ಬಾಣದ ವ್ಯಾಪ್ತಿಯೂ ಕಾಲ್ನಡಿಗೆಯ ವ್ಯಾಪ್ತಿಯೂ ಒಂದೇ ಅಲ್ಲ. ಸೂತ್ರ ಹೇಳುವುದು ಅಡ್ಡಿಯಿಲ್ಲದ ದೂರ. ನಮ್ಮ (2, 3)ರಲ್ಲಿ ಈಗ ಎರಡು ನಡೆಯ ಕಾಲಾಳು ನಿಂತಿದ್ದಾನೆ, ಅವನ ಪೂರ್ವದ (3, 3)ರಲ್ಲಿ ದಾಟಲಾಗದ ಬೆಟ್ಟವಿದೆ ಎನ್ನಿ. ಬಯಲಾಗಿದ್ದರೆ ಅವನು ಸುತ್ತಲ 18 ಮನೆಗಳಿಗೂ ಹೋಗಬಹುದಿತ್ತು. ಬೆಟ್ಟ ಬಂದಾಗ ಕೈತಪ್ಪುವುದು ಎರಡು ಮನೆ: ಬೆಟ್ಟದ್ದು, ಅದರ ನೇರ ಬೆನ್ನಿಗಿರುವ (4, 3). ಆ ಹಿಂದಿನ ಮನೆಗೆ ಎರಡೇ ಹೆಜ್ಜೆಯಲ್ಲಿ ಹೋಗಲು ಬೆಟ್ಟದ ಮೂಲಕವಲ್ಲದೆ ಬೇರೆ ದಾರಿಯಿಲ್ಲ. ಬಳಸಿ ಹೋದರೆ ಮೂರು. ಸೂತ್ರವನ್ನು ಕೇಳಿದರೆ ಅದು ಈಗಲೂ 2 ಎಂದೇ ಹೇಳುತ್ತದೆ.

ಅದಕ್ಕೇ ನಡಿಗೆಯ ವ್ಯಾಪ್ತಿಯನ್ನು ಸೂತ್ರದಿಂದಲ್ಲ, ಹರಡುತ್ತಾ ಹೋಗಿ ಕಂಡುಹಿಡಿಯುತ್ತಾರೆ. ನಿಂತ ಮನೆಯಿಂದ ಒಂದು ಹೆಜ್ಜೆಯಲ್ಲಿ ಮುಟ್ಟುವವು ಯಾವುವು, ಅವುಗಳಿಂದ ಇನ್ನೊಂದು ಹೆಜ್ಜೆಗೆ ಹೊಸದಾಗಿ ಸಿಗುವವು ಯಾವುವು ಎಂದು ಪದರ ಪದರವಾಗಿ ಗುರುತು ಹಾಕುತ್ತಾ, ನಡೆಗಳು ಮುಗಿದಲ್ಲಿ ನಿಲ್ಲಿಸುವುದು. ಕಾಡಿಗೆ ಎರಡು, ಬಯಲಿಗೆ ಒಂದು ಎಂದು ಖರ್ಚು ಬೇರೆ ಬೇರೆಯಾಗಿದ್ದರೆ, ಅದುವರೆಗೆ ಅತಿ ಕಡಿಮೆ ಖರ್ಚಿನಲ್ಲಿ ಮುಟ್ಟಿದ ಮನೆಯನ್ನೇ ಪ್ರತಿ ಸಲವೂ ಮೊದಲು ಬಿಡಿಸಬೇಕು.

ಹಾಗೆಂದು ಸೂತ್ರ ವ್ಯರ್ಥವಾಗುವುದಿಲ್ಲ. ದೂರದ ಗುರಿಯೊಂದಕ್ಕೆ ದಾರಿ ಹುಡುಕುವಾಗ ಎಲ್ಲ ದಿಕ್ಕಿಗೂ ಹರಡುತ್ತಾ ಕೂತರೆ ಹೊತ್ತು ಹಾಳು. ಎ-ಸ್ಟಾರ್ ಎಂಬ ಹುಡುಕಾಟದ ವಿಧಾನವು, ಇಲ್ಲಿಯವರೆಗಿನ ಖರ್ಚಿಗೆ ಗುರಿಯವರೆಗಿನ ಷಡ್ಭುಜ ದೂರವನ್ನು ಕೂಡಿಸಿ, ಮೊತ್ತ ಚಿಕ್ಕದಾದ ಮನೆಯನ್ನು ಮೊದಲು ನೋಡುತ್ತದೆ. ಪ್ರತಿ ಹೆಜ್ಜೆಗೂ ಕನಿಷ್ಠ 1 ಖರ್ಚಾಗುವವರೆಗೆ ಇದು ಅತಿ ಅಗ್ಗದ ದಾರಿಯನ್ನೇ ಕೊಡುತ್ತದೆ. ರಸ್ತೆಯ ಮೇಲೆ ಹೆಜ್ಜೆಗೆ ಅರ್ಧ ಖರ್ಚು ಎಂಬ ನಿಯಮ ಬಂದೊಡನೆ ಅಂದಾಜು ನಿಜಕ್ಕಿಂತ ದೊಡ್ಡದಾಗಬಹುದು. ಆಗ ಸೈನ್ಯ ಪಕ್ಕದಲ್ಲೇ ಹಾದುಹೋಗುವ ರಸ್ತೆಯನ್ನು ಬಿಟ್ಟು ಹೊಲಗದ್ದೆ ತುಳಿದುಕೊಂಡು ನೇರ ಹೋದದ್ದು ಕಂಡರೆ ಆಶ್ಚರ್ಯವಿಲ್ಲ. ಷಡ್ಭುಜ ದೂರವನ್ನು ಅರ್ಧದಿಂದ ಗುಣಿಸಿ ಕೊಟ್ಟರೆ ಅದು ಮತ್ತೆ ರಸ್ತೆ ಹಿಡಿಯುತ್ತದೆ, ಹುಡುಕಾಟಕ್ಕೆ ಮಾತ್ರ ಮೊದಲಿಗಿಂತ ಸ್ವಲ್ಪ ಹೆಚ್ಚು ಮನೆಗಳನ್ನು ನೋಡಬೇಕಾಗುತ್ತದೆ.